ಬೀರುವಿನ ಕನ್ನಡಿ ಹಿಡಿದ ದಿನ

ನಮಗೆ ಛಾಯಾಗ್ರಹಣ ಕಲಿಸಿದ ಸರ್ ಈಗ ಕ್ಯಾಮೆರಾ ಕೆಳಗಿಡುತ್ತಿದ್ದಾರೆ. ಫಿಲ್ಮ್ ಕ್ಲಬ್‌ನವರು ಅವರಿಗೊಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ನನಗೆ ಹತ್ತು ನಿಮಿಷ ಮಾತಾಡಲು ಹೇಳಿದ್ದರು. ಅವರು ಮಾಡಿದ ಸಿನಿಮಾಗಳ ಪಟ್ಟಿ ಎಲ್ಲರಿಗೂ ಗೊತ್ತು, ಅದನ್ನೇ ಮತ್ತೆ ಓದುವುದು ಬೇಡ ಅನ್ನಿಸಿತು. ಹಾಗಾಗಿ ಒಂದೇ ದಿನದ ಕಥೆ ಹೇಳಿದೆ. ಅದನ್ನೇ ಇಲ್ಲಿ ನಮ್ಮ ಪತ್ರಿಕೆಗೆ ಬರೆದಿದ್ದೇನೆ.

ನಮ್ಮ ಡಿಪ್ಲೊಮಾ ಸಿನಿಮಾ. ಒಂದು ಹಳೆಯ ತೊಟ್ಟಿ ಮನೆ. ಪಡಸಾಲೆಯ ಕಂಬಕ್ಕೆ ಒರಗಿ ಕೂತ ಅಜ್ಜ, ಎದುರಿಗೆ ಮೊಮ್ಮಗಳು. ಇಬ್ಬರೂ ಮಾತಾಡುತ್ತಾರೆ, ಅಷ್ಟೇ. ಸಿನಿಮಾದಲ್ಲಿ ನಾಲ್ಕು ನಿಮಿಷದ ದೃಶ್ಯ. ನಮಗೆ ಅದನ್ನು ತೆಗೆಯಲು ಇಡೀ ದಿನ ಬೇಕು.

ಬೆಳಿಗ್ಗೆ ಹತ್ತಕ್ಕೆ ನಾನು ಬಹಳ ಉತ್ಸಾಹದಲ್ಲಿ ಕ್ಯಾಮೆರಾ ಇಟ್ಟೆ. ತೊಟ್ಟಿಯಿಂದ ಇಳಿದ ಬಿಸಿಲು ಅಜ್ಜನ ಹಿಂದಿನ ಗೋಡೆ ಮೇಲೆ ಚೌಕವಾಗಿ ಬಿದ್ದಿತ್ತು. ಎಷ್ಟು ಚೆಂದ ಇತ್ತು ಅಂದರೆ, ಲೈಟೇ ಬೇಡ ಅಂದುಬಿಟ್ಟೆ. ಸರ್ ಏನೂ ಅನ್ನಲಿಲ್ಲ. ಜೇಬಿನಿಂದ ಒಂದು ಸೀಮೆಸುಣ್ಣ ತೆಗೆದು ಆ ಬಿಸಿಲಿನ ಚೌಕದ ಸುತ್ತ ಗೆರೆ ಎಳೆದರು. "ಕಾಫಿ ಕುಡಿದು ಬರೋಣ ಬಾ" ಅಂದರು.

ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಬಿಸಿಲು ಗೆರೆ ದಾಟಿ ಕೆಳಗೆ ಜಾರಿತ್ತು. ಮಧ್ಯಾಹ್ನ ಒಂದಕ್ಕೆ ಮೊಮ್ಮಗಳ ಕ್ಲೋಸಪ್ ತೆಗೆಯುವ ಹೊತ್ತಿಗೆ ಅದು ನೆಲಕ್ಕೆ ಇಳಿದಿರುತ್ತದೆ. ಎಡಿಟಿಂಗ್‌ನಲ್ಲಿ ಎರಡೂ ಶಾಟ್ ಪಕ್ಕಪಕ್ಕ ಇಟ್ಟರೆ, ಅಜ್ಜ ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಮೊಮ್ಮಗಳು ಮಧ್ಯಾಹ್ನ ಉತ್ತರ ಕೊಟ್ಟ ಹಾಗೆ ಕಾಣುತ್ತದೆ.

ಇನ್ನೊಂದು ತೊಂದರೆಯನ್ನು ಬೆಳಕು ಅಳೆಯುವ ಮೀಟರ್ ತೋರಿಸಿತು. ಲೆನ್ಸ್ ಎಷ್ಟು ತೆರೆಯಬೇಕು ಅಂತ ಅದು ಒಂದು ಸಂಖ್ಯೆಯಲ್ಲಿ ಹೇಳುತ್ತದೆ, ಬೆಳಕು ಹೆಚ್ಚಿದಷ್ಟೂ ಸಂಖ್ಯೆ ದೊಡ್ಡದು. ಬಿಸಿಲು ಬಿದ್ದ ಕಡೆ 22, ಕಂಬದ ನೆರಳಲ್ಲಿ ಅಜ್ಜನ ಮುಖದ ಹತ್ತಿರ 4. ನಡುವೆ ಐದು ಸ್ಟಾಪ್, ಅಂದರೆ ಲೆನ್ಸ್ ಅಳತೆಯ ಐದು ಮೆಟ್ಟಿಲು. ಒಂದೊಂದು ಸ್ಟಾಪ್‌ಗೂ ಬೆಳಕು ಎರಡು ಪಟ್ಟು. ಅಂದರೆ ಅಜ್ಜನ ಮುಖಕ್ಕಿಂತ ಗೋಡೆ ಮೇಲೆ 32 ಪಟ್ಟು ಬೆಳಕು. ಮುಖಕ್ಕೆ ಲೆನ್ಸ್ ತೆರೆದರೆ ಗೋಡೆ ಬೆಳ್ಳಗೆ ಸುಟ್ಟುಹೋಗುತ್ತದೆ. ಗೋಡೆಗೆ ಮುಚ್ಚಿದರೆ ಅಜ್ಜ ಬರೀ ಕಪ್ಪು ಆಕೃತಿ.

ನಾನು ಇನ್ನೂ ಎರಡು ಲೈಟ್ ತರಿಸೋಣ ಅಂದೆ. ಸರ್ ಕೇಳಿದ್ದು, "ಈ ಮನೆಗೆ ಬೆಳಕು ಎಲ್ಲಿಂದ ಬರುತ್ತೆ?" ಮೇಲಿನಿಂದ ಅಂದೆ. "ಹಾಗಾದ್ರೆ ಮೊದಲು ಮೇಲೆ ಸರಿ ಮಾಡು."

ಹುಡುಗರು ಹಂಚಿನ ಮೇಲೆ ಹತ್ತಿ ತೊಟ್ಟಿಯ ಬಾಯಿಗೆ ಬಿಳಿ ಬಟ್ಟೆ ಬಿಗಿದರು. ಬಿಸಿಲಿನ ಚೌಕ ಒಂದೇ ಏಟಿಗೆ ಮಾಯ. ಇಡೀ ಬಟ್ಟೆಯೇ ಬೆಳಕಿನ ಚಾವಣಿ ಆಯಿತು. ಸೂರ್ಯ ಯಾವ ಕಡೆ ಇದ್ದರೂ ಕೆಳಗೆ ಅದೇ ಮೆತ್ತನೆಯ, ನೆರಳಿಲ್ಲದ ಬೆಳಕು. ತೊಟ್ಟಿಯ ಅಂಚಿನಲ್ಲಿ 8 ಬಂತು. ಅಜ್ಜನ ಮುಖ ಮಾತ್ರ 2.8ಕ್ಕೆ ಇಳಿಯಿತು. ಆಗ ಎರಡು ಲೈಟ್ ಒಳಗೆ ಬಂದವು. ಅವನ್ನೂ ನೇರವಾಗಿ ಅಜ್ಜನಿಗೆ ಬಿಡಲಿಲ್ಲ. ತೊಟ್ಟಿ ಕಡೆ ನಿಲ್ಲಿಸಿದ ಥರ್ಮಾಕೋಲ್ ಹಾಳೆಗೆ ಹೊಡೆದು, ಅಲ್ಲಿಂದ ತಿರುಗಿ ಬಂದ ಬೆಳಕನ್ನು ಮುಖಕ್ಕೆ ಬಿಟ್ಟರು. ಮುಖ 4ಕ್ಕೆ ಏರಿತು. ಐದು ಸ್ಟಾಪ್ ಇದ್ದ ಅಂತರ ಎರಡಕ್ಕೆ ಬಂದಿತ್ತು.

ಬಟ್ಟೆ ಬಿಗಿಯುವಾಗಲೇ ಸರ್, ಸತ್ಯಜಿತ್ ರಾಯ್ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ ಅವರ ಬಗ್ಗೆ ಹೇಳಿದ್ದು. 1956ರ 'ಅಪರಾಜಿತೋ'ದಲ್ಲಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೊ ಒಳಗೆ ಕಟ್ಟಿದ್ದರು. ನೇರ ಲೈಟ್ ಹಾಕಿದರೆ ಒಂದೊಂದು ಕಂಬಕ್ಕೂ ಎರಡು ಮೂರು ನೆರಳು. ನಿಜವಾದ ಅಂಗಳದಲ್ಲಿ ಹಾಗೆ ಇರಲ್ಲ, ಅಲ್ವಾ? ಮಿತ್ರ ಸೆಟ್‌ನ ಮೇಲೆ ಬಟ್ಟೆ ಬಿಗಿಸಿ, ಕೆಳಗಿನಿಂದ ಅದಕ್ಕೆ ಲೈಟ್ ಹೊಡೆದು, ಆಕಾಶವನ್ನೇ ತಯಾರು ಮಾಡಿಕೊಂಡರು. ನಮ್ಮದು ಉಲ್ಟಾ. ಇದ್ದ ಆಕಾಶಕ್ಕೆ ಮುಸುಕು ಹಾಕಿದ್ದೆವು.

ಈಗ ಬೆಳಕು ಸ್ಥಿರ ಆಯಿತು, ಆದರೆ ಚಿತ್ರ ಸಪ್ಪೆ. ನನ್ನ ಪ್ರೀತಿಯ ಬಿಸಿಲಿನ ಚೌಕ ಹೋಗಿತ್ತು. ಸರ್ ಮನೆಯ ಅಜ್ಜಿಯ ಹತ್ತಿರ ಹೋಗಿ, "ಅಮ್ಮಾ, ನಿಮ್ಮ ಬೀರುವಿನ ಕನ್ನಡಿ ಸಂಜೆವರೆಗೂ ಕೊಡ್ತೀರಾ?" ಅಂತ ಕೇಳಿದರು. ಅಜ್ಜಿ ಒಪ್ಪಿದರು, ಒಡೆದರೆ ಹೊಸದು ತಂದುಕೊಡಬೇಕು ಅನ್ನುವ ಷರತ್ತಿನ ಮೇಲೆ.

ಕನ್ನಡಿಯನ್ನು ಹಿತ್ತಲಿನ ಬಿಸಿಲಿಗೆ ಒಯ್ದರು. ಹಿಂಬಾಗಿಲಿನಿಂದ ಪಡಸಾಲೆಯ ಗೋಡೆಗೆ ಮೂವತ್ತು ಅಡಿ. ಕನ್ನಡಿ ವಾಲಿಸಿದ ಕೂಡಲೇ ಬಿಸಿಲಿನ ಚೌಕ ಮತ್ತೆ ಗೋಡೆ ಮೇಲೆ, ಸೀಮೆಸುಣ್ಣದ ಗೆರೆಯೊಳಗೇ ಬಂದು ಕೂತಿತು! ಲೈಟ್ ಯಾಕೆ ಆಗಲ್ಲ ಅಂತ ಕೇಳಿದೆ. ಲೈಟಿನ ಬೆಳಕು ದೂರ ಹೋದ ಹಾಗೆ ಹರಡುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಸೂರ್ಯ ಬಹಳ ದೂರ ಇರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತವೆ, ಮೂವತ್ತು ಅಡಿ ಹೋದರೂ ಅಷ್ಟಾಗಿ ಹರಡುವುದಿಲ್ಲ. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್'ನಲ್ಲಿ ಆ ಹೆಸರಾದ ಬೆಳಕಿನ ಕೋಲನ್ನು ಸ್ಟುಡಿಯೊಗೆ ತಂದದ್ದೂ ಕನ್ನಡಿಗಳಿಂದಲೇ, ಹೊರಗಿನ ಬಿಸಿಲನ್ನು ತಿರುಗಿಸಿ. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕಲಿತು ಹೋದವರು ಅವರು. ಮೂರ್ತಿಯವರ ಹೆಸರು ಹೇಳುವಾಗ ಸರ್ ದನಿ ಸ್ವಲ್ಪ ಇಳಿಸುತ್ತಿದ್ದರು.

ಆದರೆ ಕನ್ನಡಿಯಲ್ಲೂ ಸೂರ್ಯ ನಿಲ್ಲುವುದಿಲ್ಲ. ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಮೂವತ್ತು ಅಡಿ ದೂರದ ಗೋಡೆ ಮೇಲೆ ಒಂದು ಡಿಗ್ರಿ ಅಂದರೆ ಸುಮಾರು ಆರು ಇಂಚು. ಹಾಗಾಗಿ ಪ್ರತಿ ಟೇಕ್‌ಗೂ ಮೊದಲು ಕನ್ನಡಿಯನ್ನು ಒಂದು ಚೂರು ತಿರುಗಿಸಿ ಚೌಕವನ್ನು ಗೆರೆಗೆ ತರಬೇಕು. ಆ ಕೆಲಸ ನನಗೆ ಬಿತ್ತು. ಛಾಯಾಗ್ರಾಹಕ ನಾನು, ನನ್ನನ್ನೇ ಹಿತ್ತಲಿಗೆ ಕಳಿಸಿ ಸರ್ ಕ್ಯಾಮೆರಾ ಹತ್ತಿರ ನಿಂತರು! ಆಗ ಸಿಟ್ಟು ಬಂದಿತ್ತು. ಬಾವಿಕಟ್ಟೆ ಮೇಲೆ ಕೂತು ಕನ್ನಡಿ ತಿರುಗಿಸುತ್ತಾ, ಬೆಳಕು ಎಷ್ಟು ಬೇಗ ಓಡುತ್ತದೆ ಅಂತ ಮೊದಲ ಸಲ ಕೈಯಲ್ಲಿ ಗೊತ್ತಾಯಿತು.

ಸಂಜೆ ನಾಲ್ಕರ ಹೊತ್ತಿಗೆ ಸರ್ ಶೂಟಿಂಗ್ ನಿಲ್ಲಿಸಿದರು. ಒಂದು ಬಿಳಿ ಕಾಗದವನ್ನು ಅಜ್ಜನ ಮುಖದ ಹತ್ತಿರ ಮಡಿಸಿ ಹಿಡಿದಿದ್ದರು. ಅರ್ಧ ತೊಟ್ಟಿ ಕಡೆಗೆ, ಅರ್ಧ ಥರ್ಮಾಕೋಲ್ ಕಡೆಗೆ. "ಏನು ಕಾಣ್ತಿದೆ?" ಬಿಳಿ, ಅಂದೆ. "ಸರಿಯಾಗಿ ನೋಡು." ಎರಡನೇ ಅರ್ಧ ತುಸು ಹಳದಿ. ನಮ್ಮ ಲೈಟಿನ ಬೆಳಕು ಕೆಂಪು ಹಳದಿ, ಹಗಲಿನ ಬೆಳಕು ನೀಲಿ. ಎರಡೂ ಹೊಂದಲಿ ಅಂತ ಲೈಟಿಗೆ ನೀಲಿ ಜೆಲ್, ಅಂದರೆ ಬಣ್ಣದ ತೆಳು ಪಾರದರ್ಶಕ ಹಾಳೆ, ಕಟ್ಟಿದ್ದೆವು. ಒಂದು ಲೈಟಿನ ಜೆಲ್ ಬಿಸಿಗೆ ಬಣ್ಣ ಬಿಟ್ಟು ನಡುವೆ ಬೆಳ್ಳಗಾಗಿತ್ತು. ಅಷ್ಟು ಹೊತ್ತು ಅಲ್ಲೇ ಇದ್ದ ಯಾರಿಗೂ ಕಂಡಿರಲಿಲ್ಲ. ಕಣ್ಣು ನಿಧಾನವಾದ ಬದಲಾವಣೆಗೆ ಒಗ್ಗಿಕೊಂಡುಬಿಡುತ್ತದೆ, ಫಿಲ್ಮ್ ಒಗ್ಗಿಕೊಳ್ಳುವುದಿಲ್ಲ. ಜೆಲ್ ಬದಲಾಯಿಸಿ, ಹಿಂದಿನ ಎರಡು ಶಾಟ್ ಮತ್ತೆ ತೆಗೆದೆವು. ರೀಲು ದುಬಾರಿ, ನಮ್ಮ ಕೈಯಲ್ಲಿ ದುಡ್ಡಿಲ್ಲ. ಆದರೂ ತೆಗೆಸಿದರು.

ಇಷ್ಟು ಹೇಳಿ ನಾನು ಕೂತೆ. ಆಮೇಲೆ ಕ್ಲಬ್‌ನವರು ಆ ಹಳೆಯ ಸಿನಿಮಾವನ್ನೇ ಹಾಕಿದರು. ಸರ್ ನನ್ನ ಪಕ್ಕದಲ್ಲೇ ಇದ್ದರು. ಅಜ್ಜ ಮಾತಾಡುತ್ತಿದ್ದ, ಗೋಡೆ ಮೇಲೆ ಬಿಸಿಲಿನ ಚೌಕ ಇತ್ತು. ಮೂರನೇ ಶಾಟ್ ಬಂದಾಗ ಸರ್ ನನ್ನ ಕಡೆ ಬಾಗಿ, ಮೆಲ್ಲಗೆ ಅಂದರು: "ಇಲ್ಲಿ ಎರಡು ಇಂಚು ಜರುಗಿದೆ ನೋಡು. ಬಾವಿಕಟ್ಟೆ ಮೇಲೆ ನಿದ್ದೆ ಮಾಡ್ತಿದ್ದೆಯಾ?"

ಮಾಡುತ್ತಿದ್ದೆ. ಅವತ್ತು ಹೇಳಿರಲಿಲ್ಲ.