ನೂರಕ್ಕೆ ಹತ್ತರಿಂದ ಮೂರಕ್ಕೆ

ನನ್ನದು ಎನರ್ಜಿ ಆಡಿಟ್ ಕೆಲಸ. ಕಾರ್ಖಾನೆಗೆ ಹೋಗಿ ಬಾಯ್ಲರ್, ಕಂಪ್ರೆಸರ್, ಮೋಟಾರು ಎಲ್ಲ ಅಳೆದು, ಕರೆಂಟು ಎಲ್ಲಿ ಪೋಲಾಗುತ್ತಿದೆ ಅಂತ ವರದಿ ಕೊಡುತ್ತೇನೆ. ಸಂಬಳ ಅಂತ ಏನಿಲ್ಲ, ಬಿಲ್ಲು ಪಾಸಾದರೆ ದುಡ್ಡು. 2023-24ರಲ್ಲಿ ಒಟ್ಟು 18 ಲಕ್ಷದ ಬಿಲ್ಲು ಆಗಿತ್ತು. ಮರುವರ್ಷ ಸಕ್ಕರೆ ಕಾರ್ಖಾನೆಗಳ ದೊಡ್ಡ ಕೆಲಸವೊಂದು ಸಿಕ್ಕಿ 46 ಲಕ್ಷಕ್ಕೆ ಹೋಯಿತು. ಆ ಕೆಲಸ ಮಾರ್ಚಿಗೆ ಮುಗಿಯಿತು. 2025-26 ಶುರುವಾದಾಗ ಕೈಯಲ್ಲಿದ್ದದ್ದು ಮೂರು ವರ್ಕ್ ಆರ್ಡರ್: ತುಮಕೂರಿನ ಒಂದು ಫೌಂಡ್ರಿ, ಪೀಣ್ಯದ ಒಂದು ಗೇರ್ ಕಾರ್ಖಾನೆ, ಹುಬ್ಬಳ್ಳಿಯ ಒಂದು ಕಂಪನಿ. ಮೂರೂ ಸೇರಿ 28 ಲಕ್ಷ.

ಆದಾಯ ಹೇಗೆ ಏರಿಳಿದರೂ ಕಂಪನಿಯವರು ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ, ಅಂದರೆ ಟಿಡಿಎಸ್, ಮಾತ್ರ ಅಲುಗಾಡುವುದಿಲ್ಲ. ವೃತ್ತಿಪರ ಶುಲ್ಕ ಅಂದರೆ ಆಗಿನ ಕಾಯಿದೆಯ 194ಜೆ ಕಲಂ, ನೂರಕ್ಕೆ ಹತ್ತು. 28 ಲಕ್ಷಕ್ಕೆ 2.8 ಲಕ್ಷ ಮೊದಲೇ ಕಟ್. ಆದರೆ ನಾನು ಕಟ್ಟಬೇಕಾದ ತೆರಿಗೆ ಅಷ್ಟಿಲ್ಲ. ನನ್ನಂಥ ಎಂಜಿನಿಯರ್‌ಗಳು ಅದೇ ಕಾಯಿದೆಯ 44ಎಡಿಎ ಕಲಂ ಪ್ರಕಾರ ಬಿಲ್ಲಿನ ಅರ್ಧವನ್ನು ಆದಾಯ ಅಂತ ತೋರಿಸಬಹುದು. ಅಂದರೆ 14 ಲಕ್ಷ. ಹೊಸ ಪದ್ಧತಿಯ ದರದಲ್ಲಿ ಮೊದಲ 4 ಲಕ್ಷಕ್ಕೆ ಏನೂ ಇಲ್ಲ, ಮುಂದಿನ ನಾಲ್ಕಕ್ಕೆ 20,000, ಅದರ ಮುಂದಿನ ನಾಲ್ಕಕ್ಕೆ 40,000, ಉಳಿದ ಎರಡಕ್ಕೆ 30,000. ಸೆಸ್ ಸೇರಿಸಿದರೆ 93,600. ಉಳಿದ 1,86,400 ರೂಪಾಯಿ ಸುಮ್ನೆ ಸರ್ಕಾರದ ಹತ್ತಿರ ಕೂತಿರುತ್ತದೆ. ವರ್ಷ ಮುಗಿದು, ರಿಟರ್ನ್ ಹಾಕಿ, ರಿಫಂಡ್ ಬರುವವರೆಗೆ ಕಾಯಬೇಕು. ರಿಫಂಡಿಗೆ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಕೊಡುತ್ತಾರೆ, ನಿಜ. ಆದರೆ ಆ ದುಡ್ಡಿಲ್ಲದೆ ನಾನು ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಸಾಲ ತೆಗೆದುಕೊಂಡರೆ ಅದಕ್ಕಿಂತ ಜಾಸ್ತಿ ಬಡ್ಡಿ ಕಟ್ಟುತ್ತೇನೆ.

ಇದಕ್ಕೆ ಕಾನೂನಿನಲ್ಲೇ ದಾರಿ ಇತ್ತು, 197ನೇ ಕಲಂ. ಫಾರಂ 13 ಹಾಕಿದರೆ ಟಿಡಿಎಸ್ ಅಧಿಕಾರಿ ಲೆಕ್ಕ ನೋಡಿ, 'ಇವರಿಗೆ ಇಷ್ಟೇ ದರದಲ್ಲಿ ಕಡಿತ ಮಾಡಿ' ಅಂತ ಪ್ರಮಾಣಪತ್ರ ಕೊಡುತ್ತಿದ್ದರು. ಬಡ್ಡಿಗೆ ತೆರಿಗೆ ಹಿಡಿಯಬೇಡಿ ಅಂತ ಬ್ಯಾಂಕಿಗೆ ಕೊಡುತ್ತಿದ್ದ 15ಜಿ ಫಾರಂ ಥರ ನಾವೇ ಬರೆದುಕೊಟ್ಟರೆ ಇಲ್ಲಿ ನಡೆಯುತ್ತಿರಲಿಲ್ಲ.

ಅರ್ಜಿಯನ್ನು ತೆರಿಗೆ ಇಲಾಖೆಯ ಟಿಡಿಎಸ್ ವೆಬ್‌ಸೈಟಾದ ಟ್ರೇಸಸ್‌ನಲ್ಲೇ ಹಾಕಬೇಕಿತ್ತು. ಹಿಂದಿನ ನಾಲ್ಕು ವರ್ಷದ ರಿಟರ್ನು, ಈ ವರ್ಷದ ಅಂದಾಜು ಲೆಕ್ಕ, ಆಮೇಲೆ ಯಾವ ಕಂಪನಿಯಿಂದ ಎಷ್ಟು ಬರಬೇಕು, ಟಿಡಿಎಸ್ ಹಿಡಿಯಲು ಅದಕ್ಕಿರುವ ಟ್ಯಾನ್ ನಂಬರ್ ಏನು, ಯಾವ ಕಲಂ, ನಾನು ಕೇಳುವ ದರ ಎಷ್ಟು. ಮೊತ್ತ ಬರೆಯುವಾಗ ನನ್ನ ತೆರಿಗೆ ಲೆಕ್ಕ ನೋಡುವ ಆಡಿಟರ್ ಒಂದು ಎಚ್ಚರಿಕೆ ಕೊಟ್ಟರು. "ಜಿಎಸ್‌ಟಿ ಬಿಟ್ಟು ಬರೀರಿ. ಬಿಲ್ಲಲ್ಲಿ ಜಿಎಸ್‌ಟಿ ಬೇರೆ ತೋರಿಸಿದ್ರೆ ಅದರ ಮೇಲೆ ಟಿಡಿಎಸ್ ಇರಲ್ಲ."

ನಾನು ಅರ್ಜಿ ಹಾಕುವ ಹೊತ್ತಿಗೆ ಜೂನ್ ಮುಗಿಯುತ್ತಾ ಬಂದಿತ್ತು. ಮೂರು ಕಡೆಯಿಂದ ಸೇರಿ 6 ಲಕ್ಷ ಬಂದಾಗಿತ್ತು, ಅದರಲ್ಲಿ 60,000 ಕಡಿತವೂ ಆಗಿತ್ತು. ಪ್ರಮಾಣಪತ್ರ ಹಿಂದಿನ ಬಿಲ್ಲಿಗೆ ಅನ್ವಯಿಸುವುದಿಲ್ಲ. ಸಿಕ್ಕ ದಿನದಿಂದ ಮುಂದಕ್ಕೆ ಮಾತ್ರ. ಹಾಗಾಗಿ ಅರ್ಜಿಯಲ್ಲಿ ಕೇಳಿದ್ದು ಉಳಿದ 22 ಲಕ್ಷಕ್ಕೆ: ಫೌಂಡ್ರಿಯಿಂದ 9, ಗೇರ್ ಕಾರ್ಖಾನೆಯಿಂದ 8, ಹುಬ್ಬಳ್ಳಿಯಿಂದ 5. ಬಾಕಿ ತೆರಿಗೆ 33,600 ಮಾತ್ರ ಅಂದರೆ ಸುಮಾರು ಒಂದೂವರೆ ಪರ್ಸೆಂಟ್ ಸಾಕು. ನಾನು ಎರಡು ಕೇಳಿದೆ.

ಮೊದಲು ಅಡ್ಡ ಬಂದದ್ದು ಹಳೆಯ ಡಿಮ್ಯಾಂಡ್. ಯಾವುದೋ ಹಿಂದಿನ ವರ್ಷದಲ್ಲಿ ಒಂದು ಕಂಪನಿ ಟಿಡಿಎಸ್ ಲೆಕ್ಕ ತಡವಾಗಿ ತಿದ್ದಿದ್ದರಿಂದ ನನ್ನ ಹೆಸರಲ್ಲಿ ನಾಲ್ಕು ಸಾವಿರ ಚಿಲ್ಲರೆ ಬಾಕಿ ತೋರಿಸುತ್ತಿತ್ತು. ಅಧಿಕಾರಿ ದರ ನಿಗದಿ ಮಾಡುವಾಗ ಹಳೆಯ ಬಾಕಿಯನ್ನೂ ಗಮನಿಸಬೇಕು ಅಂತ ನಿಯಮ 28ಎಎ ಹೇಳುತ್ತಿತ್ತು. ವಾದ ಮಾಡಿ ಗೆಲ್ಲಬಹುದಿತ್ತೇನೋ. ಆದರೆ ಅಷ್ಟರಲ್ಲಿ ಇನ್ನೆರಡು ಬಿಲ್ಲು ಹತ್ತು ಪರ್ಸೆಂಟಿಗೆ ಹೋಗಿಬಿಡುತ್ತವೆ. ಕಟ್ಟಿ, ಚಲನ್ ಹಚ್ಚಿದೆ.

ಆಮೇಲೆ ಅಸಲಿ ಪ್ರಶ್ನೆ ಬಂತು. ಹೋದ ವರ್ಷದ ನನ್ನ ತೆರಿಗೆ 3,95,200, ಅಂದರೆ ಬಿಲ್ಲಿನ ಎಂಟೂವರೆ ಪರ್ಸೆಂಟಿಗೂ ಸ್ವಲ್ಪ ಜಾಸ್ತಿ. ಅದರ ಹಿಂದಿನ ವರ್ಷ 46,800, ಎರಡೂವರೆ ಪರ್ಸೆಂಟಿನ ಹತ್ತಿರ. ನಾಲ್ಕು ವರ್ಷದ ತೆರಿಗೆ ನೋಡಿ ದರ ತೀರ್ಮಾನಿಸಬೇಕು ಅಂದರೆ ನಮ್ಮಂಥವರ ಇತಿಹಾಸವೇ ನಮಗೆ ಎದುರು ಸಾಕ್ಷಿ. ಕಚೇರಿಗೆ ಹೋದಾಗ ಅಧಿಕಾರಿ ಕೇಳಿದ್ದೂ ಅದನ್ನೇ.

"46 ಲಕ್ಷ ಮಾಡಿದೋರು ಈ ವರ್ಷ 28ಕ್ಕೇ ನಿಲ್ತೀರಾ? ನವೆಂಬರಲ್ಲಿ ಇನ್ನೊಂದು ದೊಡ್ಡ ಕೆಲಸ ಬಂದ್ರೆ?"

ಮುಗಿದ ಕೆಲಸದ ಕಂಪ್ಲೀಷನ್ ಲೆಟರ್ ಇತ್ತು. ಮೂರು ವರ್ಕ್ ಆರ್ಡರಿನಲ್ಲಿ ಯಾವ ಹಂತಕ್ಕೆ ಎಷ್ಟು ಹಣ ಅಂತಲೂ ಇತ್ತು. ಏಪ್ರಿಲಿನಿಂದ ಬ್ಯಾಂಕ್ ಸ್ಟೇಟ್‌ಮೆಂಟೂ ಕೊಟ್ಟೆ. ಆದರೆ ಬರದೇ ಇರುವ ಕೆಲಸಕ್ಕೆ ಎಲ್ಲಿಂದ ದಾಖಲೆ ತರೋದು? ಕೊನೆಗೆ ಕೆಲಸಕ್ಕೆ ಬಂದದ್ದು ಪ್ರಮಾಣಪತ್ರದ ಸ್ವಭಾವವೇ.

"ಸರ್, ನಾನು ಕೇಳ್ತಿರೋದು ಈ ಮೂರು ಟ್ಯಾನ್‌ಗೆ ಮಾತ್ರ. ಹೊಸ ಕ್ಲೈಂಟ್ ಬಂದ್ರೆ ಅವರು ಹೇಗೂ ಹತ್ತು ಪರ್ಸೆಂಟೇ ಹಿಡೀತಾರೆ. ಆ ಆದಾಯಕ್ಕೆ ನಿಮ್ಮ ತೆರಿಗೆ ಅಲ್ಲೇ ಬರುತ್ತೆ."

ಅವರು ವರ್ಕ್ ಆರ್ಡರಿನ ಹಾಳೆಗಳನ್ನು ಇನ್ನೊಮ್ಮೆ ತಿರುವಿದರು. "ಎರಡಕ್ಕೆ ಕೊಡೋಕಾಗಲ್ಲ, ನೋಡೋಣ" ಅಂದರು. ಪೋರ್ಟಲಿನಲ್ಲಿ ಪ್ರಮಾಣಪತ್ರ ಬಂದಾಗ ದರ 3 ಇತ್ತು. 22 ಲಕ್ಷಕ್ಕೆ 66,000, ಮೊದಲಿನ 60,000 ಸೇರಿ 1,26,000. ತೆರಿಗೆಗಿಂತ ಸ್ವಲ್ಪ ಹೆಚ್ಚೇ ಇಟ್ಟುಕೊಂಡರು, ಆದರೂ ಒಂದೂವರೆ ಲಕ್ಷದ ಮೇಲೆ ನನ್ನ ಕೈಗೆ ಉಳಿಯಿತು. ನನ್ನ ಮಟ್ಟಿಗೆ ನ್ಯಾಯವಾದ ತೀರ್ಮಾನ.

ಕಂಪನಿಗೊಂದರಂತೆ ಪ್ರಮಾಣಪತ್ರ, ಪ್ರತಿಯೊಂದಕ್ಕೂ ಬೇರೆ ನಂಬರು, ಬೇರೆ ಮಿತಿ. ಅದನ್ನು ಅಕೌಂಟ್ಸಿನವರಿಗೆ ಕಳಿಸಿಬಿಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಅವರು ಮೂರು ತಿಂಗಳಿಗೊಮ್ಮೆ ಹಾಕುತ್ತಿದ್ದ 26ಕ್ಯೂ ಅನ್ನುವ ಟಿಡಿಎಸ್ ಲೆಕ್ಕದಲ್ಲಿ ನನ್ನ ಹೆಸರಿನ ಮುಂದೆ A ಅನ್ನುವ ಗುರುತು ಹಾಕಿ ಆ ನಂಬರ್ ಬರೆಯಬೇಕಿತ್ತು. ತಪ್ಪಿದರೆ 'ಕಡಿಮೆ ಹಿಡಿದಿದ್ದೀರಿ' ಅಂತ ನೋಟಿಸ್ ಬರುವುದು ಅವರಿಗೆ. ಅದಕ್ಕೇ ಒಂದು ಕಡೆಯ ಅಕೌಂಟೆಂಟ್ ನಂಬದೆ ಮತ್ತೆ ಹತ್ತು ಪರ್ಸೆಂಟೇ ಹಿಡಿಯಲು ಹೊರಟಿದ್ದರು. ಟ್ರೇಸಸ್‌ನಲ್ಲಿ ನಂಬರ್ ಹಾಕಿ ಪರಿಶೀಲಿಸಬಹುದು ಅಂತ ಫೋನಿನಲ್ಲೇ ತೋರಿಸಿದ ಮೇಲೆ ಒಪ್ಪಿದರು. ಆಮೇಲಿಂದ ಪ್ರತಿ ಬಿಲ್ಲಿನ ಕೆಳಗೂ ಪ್ರಮಾಣಪತ್ರದ ನಂಬರು, ಇಲ್ಲಿಯವರೆಗೆ ಬಳಸಿದ ಮಿತಿ ಎರಡನ್ನೂ ಟೈಪ್ ಮಾಡುತ್ತೇನೆ.

ಡಿಸೆಂಬರಿನಲ್ಲಿ ಫೌಂಡ್ರಿಯವರು ಇನ್ನೊಂದು ಫರ್ನೇಸ್ ಸೇರಿಸಿದರು. 9 ಲಕ್ಷದ ಮಿತಿ ದಾಟಿತು. ದಾಟಿದ 70,000ಕ್ಕೆ ಹತ್ತು ಪರ್ಸೆಂಟೇ ಕಡಿತ. ಅಷ್ಟಕ್ಕೆ ಮತ್ತೆ ಅರ್ಜಿ ಹಾಕಲಿಲ್ಲ. ಮಾರ್ಚ್ 31ಕ್ಕೆ ಮೂರೂ ಪ್ರಮಾಣಪತ್ರಗಳ ಅವಧಿ ಮುಗಿಯಿತು. ಏಪ್ರಿಲ್ 2026ರಿಂದ ಹೊಸ ಆದಾಯ ತೆರಿಗೆ ಕಾಯಿದೆ, 197ರ ಜಾಗಕ್ಕೆ 395 ಬಂದಿದೆ. ಈ ಸಲ ಏಪ್ರಿಲಿನಲ್ಲೇ, ಮೊದಲ ಬಿಲ್ಲು ಪಾಸಾಗುವ ಮುಂಚೆಯೇ ಅರ್ಜಿ ಹಾಕೋಣ ಅಂತ ಆಡಿಟರ್‌ಗೆ ವರ್ಕ್ ಆರ್ಡರುಗಳನ್ನು ಕಳಿಸಿದ್ದೇನೆ.