ಇಂಟರ್ವ್ಯೂ ಆದ ಮೇಲಿನ ಮೇಲ್: ರಿಸಲ್ಟ್ ಅಲ್ಲ, ತಾರೀಖು ಕೇಳಿ

"ಅಕ್ಕಾ, ಕೊನೆ ರೌಂಡ್ ಚೆನ್ನಾಗೇ ಆಯ್ತು. ಶುಕ್ರವಾರದೊಳಗೆ ಹೇಳ್ತೀವಿ ಅಂದಿದ್ರು. ಶುಕ್ರವಾರ ಹೋಯ್ತು, ಸೋಮವಾರನೂ ಹೋಯ್ತು, ಏನೂ ಸುದ್ದಿ ಇಲ್ಲ. ಮೇಲ್ ಮಾಡಿದ್ರೆ ಕಿರಿಕಿರಿ ಅನ್ಕೋತಾರಾ? ಏನಂತ ಬರೀಲಿ?"

ಮಾಡಿ, ಧೈರ್ಯವಾಗಿ ಮಾಡಿ. ದಿನ ಹೇಳಿದವರು ಅವರು. ನಾನು ಒಂಬತ್ತು ವರ್ಷ ಬೆಂಗಳೂರಿನಲ್ಲಿ ಎಚ್‌ಆರ್ ಕಡೆ ಕೂತು, ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಹೇಳಿದ ದಿನ ದಾಟಿದ ಮೇಲೆ ಒಂದು ಮೇಲ್ ಹಾಕಿ ವಿಚಾರಿಸಿದರು ಅಂತ ಯಾರನ್ನೂ ಕೈಬಿಟ್ಟ ನೆನಪು ನನಗಿಲ್ಲ. ಆದರೆ ನಾನು ಉತ್ತರ ಕೊಡದೆ ಬಿಟ್ಟ ಮೇಲ್‌ಗಳು ಬೇಕಾದಷ್ಟು ನೆನಪಿವೆ. ಅದರ ಬೇಜಾರು ಇನ್ನೂ ಹೋಗಿಲ್ಲ. ಆ ಮೇಲ್‌ಗಳಲ್ಲಿ ಹೆಚ್ಚಿನವು ಕೇಳುತ್ತಿದ್ದದ್ದು ಒಂದೇ: ನಾನು ಸೆಲೆಕ್ಟ್ ಆದೆನಾ?

ಆ ಪ್ರಶ್ನೆಗೆ ಎಚ್‌ಆರ್ ಬಳಿ ಉತ್ತರವೇ ಇರುವುದಿಲ್ಲ. ಕೊನೆ ರೌಂಡ್ ಮುಗಿದ ಮೇಲೆ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಇಂಟರ್ವ್ಯೂ ಮಾಡಿದವರು ಫೀಡ್‌ಬ್ಯಾಕ್ ಬರೆದು ಹಾಕಬೇಕು, ಅವರಲ್ಲಿ ಒಬ್ಬರು ರಜೆ ಮೇಲೆ ಊರಿಗೆ ಹೋದರೆ ಅಲ್ಲೇ ನಾಲ್ಕು ದಿನ ಹೋಯಿತು. ಆಮೇಲೆ ಸಂಬಳ ಎಷ್ಟು ಅಂತ ಕೂಡಿಸಿ ಕಳೆದು ಫೈನಾನ್ಸ್‌ನವರ ಅಪ್ರೂವಲ್‌ಗೆ ಕಳಿಸಬೇಕು. ಇನ್ನು ನೀವು ಎರಡನೆಯ ಆಯ್ಕೆ ಆಗಿದ್ದರಂತೂ ಮೊದಲನೆಯವರು ಆಫರ್ ಒಪ್ಪಿಕೊಳ್ಳುವವರೆಗೆ ನಿಮಗೆ ಹೌದು ಅನ್ನುವಂತಿಲ್ಲ, ಇಲ್ಲ ಅನ್ನಲೂ ಮನಸ್ಸು ಬರುವುದಿಲ್ಲ, ಯಾಕೆಂದರೆ ಆಫರ್ ಲೆಟರ್ ತಗೊಂಡವರು ನೋಟಿಸ್ ಪೀರಿಯಡ್ ನಡುವೆಯೇ ಇನ್ನೊಂದು ಕಡೆ ಹೋಗಿಬಿಡುವುದು ನಮ್ಮೂರಲ್ಲಿ ದಿನಾ ನಡೆಯುವ ಮಾತು. ಇಂಥ ಹೊತ್ತಲ್ಲಿ "ಸೆಲೆಕ್ಟ್ ಆದೆನಾ" ಅಂತ ಮೇಲ್ ಬಂದರೆ ಆಮೇಲೆ ನೋಡೋಣ ಅಂತ ಪಕ್ಕಕ್ಕಿಡುತ್ತೇವೆ. ಆ ಆಮೇಲೆ ಬರುವುದೇ ಇಲ್ಲ.

ಅದೇ "ಯಾವಾಗ ಗೊತ್ತಾಗಬಹುದು" ಅಂತ ಕೇಳಿದರೆ ಒಂದು ನಿಮಿಷದಲ್ಲಿ ಉತ್ತರ ಬರೆಯಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಕಳೆದ ನವೆಂಬರ್‌ನಲ್ಲಿ ನನ್ನ ಚಿಕ್ಕಮ್ಮನ ಮಗಳಿಗೆ ಹೀಗೇ ಆಯಿತು. ಅವಳದು ಅಕೌಂಟ್ಸ್ ಕೆಲಸ, ನಾಲ್ಕು ವರ್ಷದ ಅನುಭವ. 6ನೇ ತಾರೀಖು ಗುರುವಾರ ಕೊನೆ ರೌಂಡ್ ಆಯಿತು, "14ರ ಶುಕ್ರವಾರದೊಳಗೆ ತಿಳಿಸ್ತೀವಿ" ಅಂದರು. 14ರ ಸಂಜೆ ಆರು ಗಂಟೆಗೇ ಅವಳ ಫೋನ್ ಬಂತು, ಈಗಲೇ ಮೇಲ್ ಹಾಕಲಾ ಅಂತ. ಬೇಡ, ಸೋಮವಾರ ಪೂರ್ತಿ ಬಿಡು ಅಂದೆ. ಶುಕ್ರವಾರ ಅಂದಿದ್ದು ಸೋಮವಾರಕ್ಕೆ ಜಾರುವುದು ತೀರಾ ಮಾಮೂಲು. ಸೋಮವಾರ ಬೆಳಗ್ಗೆಯಂತೂ ಇನ್‌ಬಾಕ್ಸ್ ತುಂಬಿ ಕೂತಿರುತ್ತದೆ. ನಡುವೆ ಹಬ್ಬದ ರಜೆ ಬಂದರೆ ಇನ್ನೊಂದು ದಿನ ಸೇರಿಸಿಕೊಳ್ಳಿ.

ಮಂಗಳವಾರ ಬೆಳಗ್ಗೆ ಅವಳು ಬರೆದಿಟ್ಟಿದ್ದನ್ನು ನನಗೆ ಓದಿ ಹೇಳಿದಳು. ಹದಿನೈದು ಸಾಲು ಇತ್ತು. ಕಂಪನಿ ಬಗ್ಗೆ ತನಗೆ ಎಷ್ಟು ಆಸಕ್ತಿ, ಟೀಮ್ ಎಷ್ಟು ಹಿಡಿಸಿತು, ಬಿಡುವಿಲ್ಲದಾಗ ತೊಂದರೆ ಕೊಡುತ್ತಿರುವುದಕ್ಕೆ ಎರಡು ಸಲ ಕ್ಷಮೆ, ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಪ್ರಶ್ನೆ. ಅಷ್ಟನ್ನೂ ಅಳಿಸಿಸಿದೆ. ಕಳಿಸಿದ್ದು ಇಂಗ್ಲಿಷಿನಲ್ಲಿ, ಆದರೆ ಅದರಲ್ಲಿದ್ದದ್ದು ಇಷ್ಟೇ:

"ನಮಸ್ಕಾರ. ಸೀನಿಯರ್ ಅಕೌಂಟೆಂಟ್ ಹುದ್ದೆಗೆ ನವೆಂಬರ್ 6ರಂದು ನನ್ನ ಕೊನೆಯ ರೌಂಡ್ ಆಗಿತ್ತು. 14ರೊಳಗೆ ತಿಳಿಸುವುದಾಗಿ ಹೇಳಿದ್ದಿರಿ. ಈ ಕೆಲಸದಲ್ಲಿ ನನಗೆ ಈಗಲೂ ಆಸಕ್ತಿ ಇದೆ. ನಿರ್ಧಾರ ಇನ್ನೂ ಆಗಿಲ್ಲವಾದರೆ, ಸುಮಾರು ಯಾವ ತಾರೀಖಿಗೆ ಗೊತ್ತಾಗಬಹುದು ಎಂದು ತಿಳಿಸುತ್ತೀರಾ?"

ಕೆಳಗೆ ಹೆಸರು, ಫೋನ್ ನಂಬರ್. ಅಷ್ಟು ಸಾಕು. ಹುದ್ದೆ, ಇಂಟರ್ವ್ಯೂ ಆದ ದಿನ, ಅವರು ಕೊಟ್ಟ ದಿನ ಮೂರೂ ಇರಲೇಬೇಕು, ಯಾಕೆಂದರೆ ಒಬ್ಬ ಎಚ್‌ಆರ್ ಕೈಯಲ್ಲಿ ಒಂದೇ ಸಲ ಹತ್ತಿಪ್ಪತ್ತು ಹುದ್ದೆ ಓಡುತ್ತಿರುತ್ತವೆ. ಬರೀ "ಏನಾದ್ರೂ ಅಪ್‌ಡೇಟ್ ಇದೆಯಾ" ಅಂತ ಬರೆದರೆ ನೀವು ಯಾರು ಅಂತ ಹುಡುಕಬೇಕಾಗುತ್ತದೆ. ಅದಕ್ಕೇ ಹೊಸ ಮೇಲ್ ಶುರು ಮಾಡಬೇಡಿ. ಇಂಟರ್ವ್ಯೂಗೆ ಕರೆದ ಮೇಲ್ ಇರುತ್ತದಲ್ವಾ, ಅದಕ್ಕೇ ರಿಪ್ಲೈ ಮಾಡಿ, ಸಬ್ಜೆಕ್ಟ್ ಲೈನ್ ಮುಟ್ಟಬೇಡಿ. ಹಿಂದಿನದೆಲ್ಲ ಕೆಳಗೇ ಕಾಣುತ್ತದೆ.

ಕಳಿಸುವುದು ಎಚ್‌ಆರ್‌ಗೆ ಮಾತ್ರ. ಇಂಟರ್ವ್ಯೂ ಮಾಡಿದ ಮ್ಯಾನೇಜರ್‌ನ ಸಿಸಿಯಲ್ಲಿ ಹಾಕಿದರೆ ಎಚ್‌ಆರ್ ಮೇಲೆ ದೂರು ಹೇಳಿದ ಹಾಗೆ ಕಾಣುತ್ತದೆ. ಕನ್ಸಲ್ಟೆನ್ಸಿ ಮೂಲಕ ಹೋಗಿದ್ದರೆ ಮೊದಲು ಕನ್ಸಲ್ಟೆನ್ಸಿಯವರನ್ನೇ ಕೇಳಿ, ಅವರನ್ನು ದಾಟಿ ನೇರ ಕಂಪನಿಗೆ ಬರೆದರೆ ಇಬ್ಬರಿಗೂ ಇರಿಸುಮುರಿಸು.

ಅವಳಿಗೆ ಬುಧವಾರ ಉತ್ತರ ಬಂತು: ಒಂದು ಅಪ್ರೂವಲ್ ಬಾಕಿ ಇದೆ, 26ರೊಳಗೆ ತಿಳಿಸುತ್ತೇವೆ. ನಾನು ಇಂಥ ಉತ್ತರಗಳಲ್ಲಿ ಮೊದಲು ನೋಡುವುದು ತಾರೀಖು ಇದೆಯಾ ಅಂತ. ಕಾರಣ ಹೇಳಿ ದಿನ ಕೊಟ್ಟಿದ್ದರೆ ಒಳಗೆ ಏನೋ ನಡೆಯುತ್ತಿದೆ ಅಂತ ಅರ್ಥ. ಸುಮ್ನೆ "ಪ್ರೊಸೆಸ್‌ನಲ್ಲಿದೆ, ತಿಳಿಸುತ್ತೇವೆ" ಅಂದರೆ ಹೆಚ್ಚಾಗಿ ನಿಮ್ಮ ಮುಂದೆ ಇನ್ನೊಬ್ಬರಿದ್ದಾರೆ, ಇಲ್ಲವೇ ಹುದ್ದೆಯೇ ತೂಗಾಡುತ್ತಿದೆ. ಎರಡರಲ್ಲಿ ಯಾವುದೇ ಬರಲಿ, ಬೇರೆ ಕಡೆ ಇಂಟರ್ವ್ಯೂ ಕೊಡುವುದನ್ನು ನಿಲ್ಲಿಸಬೇಡಿ. ಉತ್ತರವೇ ಬರಲಿಲ್ಲವಾದರೆ ಒಂದು ವಾರ ಬಿಟ್ಟು ಅದೇ ಥ್ರೆಡ್‌ನಲ್ಲಿ ಎರಡು ಸಾಲು ಬರೆಯಿರಿ. ಅದಕ್ಕೂ ಇಲ್ಲ ಅಂದರೆ ಮೂರನೆಯದು ಬೇಡ. ಎರಡು ಮೇಲ್ ಓದಿಯೂ ಸುಮ್ಮನಿದ್ದವರನ್ನು ಮೂರನೆಯದು ಎಬ್ಬಿಸಿದ್ದು ನಾನು ನೋಡಿಲ್ಲ.

ಅವಳೂ ಬೇರೆ ಕಡೆ ಇಂಟರ್ವ್ಯೂ ಕೊಡುವುದನ್ನು ನಿಲ್ಲಿಸಿರಲಿಲ್ಲ. 24ರ ಸೋಮವಾರ ಇನ್ನೊಂದು ಕಂಪನಿಯಿಂದ ಆಫರ್ ಬಂತು, 28ರೊಳಗೆ ಒಪ್ಪಿಗೆ ಕೊಡಬೇಕು ಅಂತ. ಈಗ 26ರವರೆಗೆ ಕಾಯಬೇಕಾ, ಇದನ್ನು ಅವರಿಗೆ ಹೇಳಿದರೆ ಧಮಕಿ ಹಾಕಿದ ಹಾಗಾಗುತ್ತದಾ ಅಂತ ಅವಳಿಗೆ ಭಯ. ಕಾಯಬೇಡ, ಇವತ್ತೇ ಹೇಳು ಅಂದೆ. ಕೈಯಲ್ಲಿ ನಿಜವಾಗಿ ಆಫರ್ ಇದ್ದಾಗ ಹೇಳುವುದು ಧಮಕಿ ಅಲ್ಲ. ಎಚ್‌ಆರ್‌ಗೂ ಅದರಿಂದ ಉಪಕಾರವೇ, ಅಪ್ರೂವಲ್ ಕೊಡುವವರ ಹತ್ತಿರ ಹೋಗಿ ಬೇಗ ಹೇಳಿ ಅನ್ನಲು ಒಂದು ಕಾರಣ ಸಿಗುತ್ತದೆ. ಇಲ್ಲದ ಆಫರ್ ಮಾತ್ರ ಇದೆ ಅನ್ನಬೇಡಿ. "ಹಾಗಾದರೆ ಅಲ್ಲೇ ಸೇರಿಕೊಳ್ಳಿ, ಒಳ್ಳೆಯದಾಗಲಿ" ಅಂತ ಉತ್ತರ ಬಂದರೆ ವಾಪಸ್ ಬರಲು ದಾರಿ ಇರುವುದಿಲ್ಲ. ಅವಳು ಸಂಬಳದ ಮಾತು ಎತ್ತದೆ ಮೂರು ಸಾಲು ಬರೆದಳು: ಇನ್ನೊಂದು ಆಫರ್ ಬಂದಿದೆ, 28ರೊಳಗೆ ಉತ್ತರ ಕೊಡಬೇಕು, ನನಗೆ ನಿಮ್ಮಲ್ಲಿನ ಕೆಲಸವೇ ಜಾಸ್ತಿ ಇಷ್ಟ, 27ರೊಳಗೆ ತಿಳಿಸಲು ಆಗುತ್ತದಾ?

ಮರುದಿನ ಮಧ್ಯಾಹ್ನ ಎಚ್‌ಆರ್ ಮೇಲ್ ಮಾಡಲಿಲ್ಲ, ಫೋನೇ ಮಾಡಿದರು. ಈ ಹುದ್ದೆಗೆ ಏಪ್ರಿಲ್‌ನ ಹೊಸ ಬಜೆಟ್ ಬರುವವರೆಗೆ ಹಣ ಇಲ್ಲ ಅಂತ ಅವತ್ತೇ ಬೆಳಗ್ಗೆ ತೀರ್ಮಾನ ಆಯಿತಂತೆ. "ನಿಮ್ಮ ಫೀಡ್‌ಬ್ಯಾಕ್ ಚೆನ್ನಾಗಿತ್ತು, ಆದ್ರೆ ನನ್ನ ನಂಬಿ ಆ ಆಫರ್ ಬಿಡಬೇಡಿ" ಅಂದರಂತೆ. ಅವಳಿಗೆ ಅಳು ಬಂತು, ನನಗೂ ಬೇಸರ ಆಯಿತು. ಬುಧವಾರ ಬೆಳಗ್ಗೆ ಇನ್ನೊಂದು ಕಂಪನಿಯ ಆಫರ್ ಲೆಟರ್‌ಗೆ ಸಹಿ ಮಾಡಿ ಕಳಿಸಿದಳು, ಅವರು ಕೊಟ್ಟ ಗಡುವಿಗೆ ಇನ್ನೂ ಎರಡು ದಿನ ಇತ್ತು.