ನಮ್ಮ ಜೋನಿ ಬೆಲ್ಲ ಯಾಕೆ ಕಪ್ಪು

ಜೋನಿ ಬೆಲ್ಲ ಅಂದರೆ ಅಚ್ಚು ಕಟ್ಟದೆ ಜೇನಿನಂತೆ ಇಳಿಯುವ ಬೆಲ್ಲ. ನಮ್ಮ ಬಾಟಲಿಯನ್ನು ಕೈಗೆತ್ತಿಕೊಂಡವರು ಅದನ್ನು ಬೆಳಕಿಗೆ ಹಿಡಿದು ಮೊದಲು ಕೇಳುವುದು ಬಣ್ಣದ ಬಗ್ಗೆಯೇ. "ಇದೇನು ಇಷ್ಟು ಕಪ್ಪಗಿದೆ, ಹೋದ ವರ್ಷದ್ದಾ?" ಹೋದ ವರ್ಷದ್ದಲ್ಲ, ಕಾಸಿದ ತಾರೀಕು ಲೇಬಲ್ಲಿನ ಮೇಲೇ ಇದೆ. ಆದರೆ ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಬೇಕೆಂದರೆ ನಾವು ಬಾಟಲಿಗೆ ಬೆಲ್ಲ ತುಂಬಲು ಶುರು ಮಾಡಿದ್ದು ಯಾಕೆ ಎಂಬುದನ್ನೇ ಹೇಳಬೇಕಾಗುತ್ತದೆ. ಈ ಬಣ್ಣ ಇಲ್ಲದಿದ್ದರೆ ಬಾಟಲಿಯೂ ಇರುತ್ತಿರಲಿಲ್ಲ.

ನಮ್ಮದು ಶಿರಸಿ ಸೀಮೆ. ಅಡಿಕೆ ತೋಟದ ಮನೆ, ಗದ್ದೆಯ ಒಂದು ಬದಿಗೆ ಕಬ್ಬು. ಕಬ್ಬು ಯಾವತ್ತೂ ನಮಗೆ ಮುಖ್ಯ ಬೆಳೆಯಲ್ಲ. ವರ್ಷದ ದೋಸೆಗೆ, ಪಾಯಸಕ್ಕೆ, ನೆಂಟರ ಮನೆಗೆ ಕೊಟ್ಟು ಕಳಿಸುವುದಕ್ಕೆ ಆಗಿ ಮಿಕ್ಕಿದ್ದನ್ನು ಅಪ್ಪಯ್ಯ ಎಣ್ಣೆ ಡಬ್ಬಕ್ಕೆ ತುಂಬಿ ಪೇಟೆಗೆ ಹಾಕುತ್ತಿದ್ದ. ಹದಿನೈದು ಕೆಜಿ ಎಣ್ಣೆಯ ಡಬ್ಬಕ್ಕೆ ಜೋನಿ ಬೆಲ್ಲ 20 ಕೆಜಿಗೂ ಮೇಲೆ ಹಿಡಿಯುತ್ತದೆ, ಅಷ್ಟು ಭಾರ ಅದು.

ಆ ಸಲ ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೆ. ಅಪ್ಪಯ್ಯನ ಜೊತೆ ಡಬ್ಬಗಳನ್ನು ಜೀಪಿಗೆ ಹಾಕಿಕೊಂಡು ಪೇಟೆಗೆ ಹೋದೆ. ಅಂಗಡಿಯವರು ಮುಚ್ಚಳ ತೆಗೆದು, ಒಂದು ಕಡ್ಡಿ ಅದ್ದಿ ಮೇಲೆತ್ತಿದರು. ಬಾಯಿಗೆ ಹಾಕಿಕೊಂಡು ನೋಡಲಿಲ್ಲ, ಮೂಸಿಯೂ ನೋಡಲಿಲ್ಲ. ಕಡ್ಡಿಯಿಂದ ಇಳಿಯುವ ಎಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, "ಹೆಗಡೇರೇ, ಬಣ್ಣ ಇಲ್ವಲ್ರೀ" ಅಂದರು. ಪಕ್ಕದಲ್ಲಿ ಇನ್ಯಾರದೋ ಡಬ್ಬ ತೆರೆದಿತ್ತು. ಹೊಸ ತಾಮ್ರದ ಹಾಗೆ ಹೊಳೆಯುತ್ತಿತ್ತು. ಅದಕ್ಕೂ ನಮ್ಮದಕ್ಕೂ ಕೆಜಿಗೆ ಕೊಡುವ ದರದಲ್ಲಿ ದೊಡ್ಡ ಅಂತರ. ಕೊನೆಗೆ ಅಂಗಡಿಯವರೇ ಸಮಾಧಾನ ಮಾಡುವವರ ಹಾಗೆ, "ಎಲ್ರೂ ಹಾಕ್ತಾರೆ. ಇಳಿಸೋ ಮುಂಚೆ ಒಂದು ಚಮಚ ಪುಡಿ, ಅಷ್ಟೇ. ಚಿನ್ನದ ಬಣ್ಣ ಬರುತ್ತೆ" ಅಂದರು.

ಅಪ್ಪಯ್ಯ ಜಗಳ ಆಡುವವನಲ್ಲ. ಮುಚ್ಚಳ ಒತ್ತಿ ಹಾಕಿ, "ಕೂಸೇ, ವಾಪಸ್ ತಗಂಡು ಹೋಪನ" ಅಂದ.

ಆ ಪುಡಿಗೆ ಆಲೆಮನೆಗಳಲ್ಲಿ ಹೈಡ್ರೋಸ್ ಅನ್ನುತ್ತಾರೆ. ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವವರು ಬಳಸುವ, ಬಣ್ಣ ತೆಗೆಯುವ ರಾಸಾಯನಿಕ. ಬೆಲ್ಲಕ್ಕೆ ಹಾಕಿದರೆ ಗಂಧಕದ ಅಂಶ ಅದರಲ್ಲಿ ಉಳಿದುಬಿಡುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕೆಜಿಗೆ 70 ಮಿಲಿಗ್ರಾಂ ಮೀರಬಾರದು ಎಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಆದರೆ ಕೊಪ್ಪರಿಗೆಯ ಎದುರು ನಿಂತು ಚಮಚದಲ್ಲಿ ಪುಡಿ ಎರಚುವವನ ಹತ್ತಿರ ಅದನ್ನು ಅಳೆಯುವ ಸಾಧನ ಏನಿರುತ್ತದೆ?

ನನಗೆ ಮಾತ್ರ ಆ ಪುಡಿ ಏನು ಮಾಡುತ್ತದೆಂದು ಕಣ್ಣಾರೆ ನೋಡಬೇಕಿತ್ತು. ಒಂದು ಪೊಟ್ಟಣ ತರಿಸಿಟ್ಟುಕೊಂಡೆ. ಮುಂದಿನ ಕೊಪ್ಪರಿಗೆ ಏರಿಸಿದ ರಾತ್ರಿ ಚಿಕ್ಕಪ್ಪ, ನಮ್ಮ ಮಾತಿನಲ್ಲಿ ಅಪ್ಪಚ್ಚಿ, ಪಾಕ ನೋಡುತ್ತಿದ್ದ. ಕಬ್ಬಿನ ಹಾಲು ಬಿಸಿಯಾಗುತ್ತಿದ್ದಂತೆ ಸ್ವಲ್ಪ ಸುಣ್ಣದ ತಿಳಿ ಬಿಟ್ಟ. ಹಾಲಿನ ಹುಳಿ ಮುರಿಯಲಿಕ್ಕೆ ಅದು ಬೇಕು, ಹೆಚ್ಚಾದರೆ ಬೆಲ್ಲ ಕಪ್ಪಾಗುವುದೂ ಅದರಿಂದಲೇ. ಆಮೇಲೆ ಜಜ್ಜಿ ನೆನೆಹಾಕಿದ್ದ ಬೆಂಡೆಗಿಡದ ದಂಟಿನ ಲೋಳೆ. ಅದು ಬಿದ್ದ ಸ್ವಲ್ಪ ಹೊತ್ತಿಗೆ ಹಾಲಿನ ಕೊಳೆಯೆಲ್ಲ ಒಟ್ಟಾಗಿ ಹಸಿರು ಮಿಶ್ರಿತ ಬೂದು ನೊರೆಯಾಗಿ ಮೇಲೆದ್ದು ಬರುತ್ತದೆ. ಜೋರು ಕುದಿ ಬರುವ ಮುಂಚೆ ಅದನ್ನು ತೆಗೆಯಬೇಕು. ಕುದಿ ಬಂತೋ, ಮಡ್ಡಿ ಒಡೆದು ಮತ್ತೆ ಹಾಲಿನೊಳಗೇ ಸೇರಿಬಿಡುತ್ತದೆ. ತೆಗೆಯುವವನಿಗೆ ಬೇಸರ ಬಂದ ಕೊಪ್ಪರಿಗೆಯ ಬೆಲ್ಲ ಯಾವತ್ತೂ ಮಬ್ಬು. ಬೆಲ್ಲ ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲೇ ಎಂದು ನನ್ನ ಅಭಿಪ್ರಾಯ. ಪುಡಿ ಹಾಕುವವರು ಇಲ್ಲಿ ಉಳಿಸಿದ ಶ್ರಮವನ್ನು ಕೊನೆಯಲ್ಲಿ ಬಣ್ಣ ತೆಗೆದು ಮುಚ್ಚಿಹಾಕುತ್ತಾರೆ.

ಮಡ್ಡಿ ತೆಗೆದಾದ ಮೇಲೆ ಸಿಪ್ಪೆ ಉರಿಯನ್ನು ಜೋರು ಮಾಡಿ ಗಂಟೆಗಟ್ಟಲೆ ಕಾಯುವುದು. ನೂರು ಲೀಟರು ಹಾಲು ಬತ್ತಿ ಬತ್ತಿ 25 ಕೆಜಿಯ ಆಸುಪಾಸಿಗೆ ಬರುತ್ತದೆ. ಅಚ್ಚು ಬೆಲ್ಲಕ್ಕಾದರೆ ಪಾಕ 118 ಡಿಗ್ರಿ ದಾಟಬೇಕು, ನೀರಿಗೆ ಬಿಟ್ಟ ಹನಿಯನ್ನು ಉಂಡೆ ಕಟ್ಟಿ ತಟ್ಟೆಗೆ ಬಡಿದರೆ ಟಣ್ ಅನ್ನಬೇಕು. ಜೋನಿಗೆ ಅಷ್ಟು ಬೇಡ. 106 ಡಿಗ್ರಿಯ ಹತ್ತಿರ ಇಳಿಸಬೇಕು. ಅಪ್ಪಚ್ಚಿ ಥರ್ಮಾಮೀಟರು ಮುಟ್ಟುವವನಲ್ಲ. ಸಟ್ಟುಗವನ್ನು ಅದ್ದಿ ಮೇಲೆತ್ತಿ ಓರೆ ಹಿಡಿಯುತ್ತಾನೆ. ಅಂಚಿನಿಂದ ಹನಿ ಹನಿಯಾಗಿ ಬಿದ್ದರೆ ಇನ್ನೂ ಬೇಕು. ಎರಡು ಹನಿ ಕೂಡಿಕೊಂಡು ಪರದೆಯಂತೆ ಇಳಿದರೆ ಹದ. ತಣ್ಣೀರಿಗೆ ಬಿಟ್ಟ ತೊಟ್ಟು ಕರಗದೆ ತಳಕ್ಕೆ ಹೋಗಿ ಕೂರಬೇಕು, ಬೆರಳಿಗೆ ಸಿಗಬೇಕು, ಆದರೆ ಉಂಡೆ ಕಟ್ಟಬಾರದು. ಅವನು "ಸಾಕು, ಎಳಿರೋ" ಎಂದ ಹೊತ್ತಿಗೆ ನನ್ನ ಕೈಯ ಥರ್ಮಾಮೀಟರು ಹೆಚ್ಚೂಕಡಿಮೆ ಅದೇ 106ರಲ್ಲಿತ್ತು.

ಇಳಿಸುವ ಮುಂಚೆ ಎರಡು ಸಟ್ಟುಗ ಪಾಕವನ್ನು ಬೇರೆ ಪಾತ್ರೆಗೆ ತೆಗೆದು ಅದಕ್ಕೆ ಚಿಟಿಕೆ ಪುಡಿ ಹಾಕಿದೆ. ಬೆಂಕಿಕಡ್ಡಿ ಗೀರಿದಾಗ ಬರುವಂಥ ಘಾಟು ಮೂಗಿಗೆ ಬಡಿಯಿತು. ಕಲಕುತ್ತಿದ್ದ ಹಾಗೇ ಕಪ್ಪು ತಿಳಿಯಾಗಿ, ನೋಡುನೋಡುತ್ತಲೇ ಪೇಟೆಯಲ್ಲಿ ಕಂಡ ಅದೇ ಹೊಳಪು ಬಂತು. ಸುಳ್ಳು ಹೇಳುವುದಿಲ್ಲ, ನೋಡಲಿಕ್ಕೆ ಬಲು ಚಂದ. ಆಯಿ ಕೂಡ ಬಗ್ಗಿ ನೋಡಿ, "ಇದೇ ಚಲೋ ಕಾಣ್ತು" ಅಂದಳು.

ಎರಡನ್ನೂ ಒಂದೊಂದು ಗಾಜಿನ ಬಾಟಲಿಗೆ ತುಂಬಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಅಡಿಕೆ ಕೆಲಸದ ಗಡಿಬಿಡಿಯಲ್ಲಿ ಅದರ ಕಡೆ ಯಾರೂ ಗಮನ ಕೊಡಲಿಲ್ಲ. ಕೆಲವು ವಾರ ಕಳೆದ ಮೇಲೆ ಆಯಿಯೇ ಕರೆದು ತೋರಿಸಿದಳು. ಚಿನ್ನದ ಬಣ್ಣ ಇಳಿದುಹೋಗಿ, ಮಸುಕು ಕಂದಾಗಿ, ಪಕ್ಕದ ಬಾಟಲಿಯ ಬಣ್ಣಕ್ಕೇ ಹತ್ತಿರ ಬಂದಿತ್ತು. ಹೈಡ್ರೋಸ್ ಬಣ್ಣವನ್ನು ತೊಳೆದುಹಾಕುವುದಿಲ್ಲ, ಸ್ವಲ್ಪ ದಿನಕ್ಕೆ ಅಡಗಿಸುತ್ತದೆ. ಗಾಳಿ ತಾಗಿದ ಹಾಗೆ ಅದು ಮರಳಿ ಬರುತ್ತದೆ. ಅಂದರೆ ಹೊಳಪು ಇರಬೇಕಾದದ್ದು ಅಂಗಡಿಯವರು ಕಡ್ಡಿ ಅದ್ದುವ ಗಳಿಗೆಯಲ್ಲಿ ಮಾತ್ರ. ದೋಸೆ ತಿನ್ನುವವನ ತಟ್ಟೆಗೆ ಬೀಳುವ ಹೊತ್ತಿಗೆ ಎರಡೂ ಕಪ್ಪೇ, ಒಂದರಲ್ಲಿ ಗಂಧಕ ಹೆಚ್ಚಿಗೆ, ಅಷ್ಟೇ.

ಆ ಎರಡು ಬಾಟಲಿಗಳ ಫೋಟೊವನ್ನು ಬೆಂಗಳೂರಿನ ಗೆಳತಿಯರಿಗೆ ಕಳಿಸಿದೆ. ವಾಪಸ್ ತಂದ ಡಬ್ಬಗಳ ಬೆಲ್ಲವೆಲ್ಲ ಹಾಗೇ ಹೋಯಿತು. ಅವರು ಬಾಟಲಿಗಟ್ಟಲೆ ಕೇಳಿದ್ದರಿಂದ ಬಾಟಲಿ ಬಂತು, ಬಾಟಲಿ ಬಂದಿದ್ದರಿಂದ ಲೇಬಲ್ಲು, ಎಫ್‌ಎಸ್‌ಎಸ್‌ಎಐ ನೋಂದಣಿ. ಲೇಬಲ್ಲಿನ ಮೇಲಿರುವುದು ನಮ್ಮ ಮನೆಯ ಹೆಸರು.

ಗಾಜನ್ನೇ ಆರಿಸಿದ್ದು ಬಣ್ಣ ಮುಚ್ಚಬಾರದು ಅಂತ. ಅದರಿಂದ ಹೊಸ ತಾಪತ್ರಯವೂ ಬಂತು. ಡಬ್ಬದಲ್ಲಿ ಯಾರಿಗೂ ಕಾಣದಿದ್ದದ್ದು ಗಾಜಿನಲ್ಲಿ ಕಂಡಿತು: ತಳದಲ್ಲಿ ಸಕ್ಕರೆ ಹರಳು. "ಸಕ್ಕರೆ ಬೆರೆಸಿದ್ದೀರಿ" ಎಂದು ಒಬ್ಬರು ಫೋನಿನಲ್ಲೇ ಸಿಟ್ಟಾದರು. ಬೆಲ್ಲದಲ್ಲಿರುವುದೇ ಸಕ್ಕರೆ, ಪಾಕ ತುಸು ಗಟ್ಟಿಯಾದರೆ ಅದು ಹರಳು ಕಟ್ಟಿ ಕೆಳಗಿಳಿಯುತ್ತದೆ. ಪಾಕ ಎಳೆಯದಾಗಿ ನೀರು ಉಳಿದರೆ ಅದಕ್ಕಿಂತ ಕಷ್ಟ, ಬೆಲ್ಲ ಹುಳಿತು ಮುಚ್ಚಳ ಉಬ್ಬುತ್ತದೆ, ತೆರೆದರೆ ನೊರೆ, ಕಳ್ಳಿನ ವಾಸನೆ. ಹರಳು ಕಟ್ಟಿದ್ದನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ತಿನ್ನಬಹುದು, ಹುಳಿತದ್ದನ್ನು ಚೆಲ್ಲಬೇಕು. ಎರಡರ ನಡುವಿನ ಹದ ಬಹಳ ಸಣ್ಣದು. ಈಗ ನಾವು ಇಳಿಸುವ ಹೊತ್ತಿಗೆ ಸ್ವಲ್ಪ ನಿಂಬೆರಸ ಹಾಕುತ್ತೇವೆ. ಆ ಹುಳಿಗೆ ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸು, ಫ್ರಕ್ಟೋಸು ಆಗುತ್ತದೆ, ಹರಳು ಕಟ್ಟುವುದು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ. ಲೇಬಲ್ಲಿನಲ್ಲಿ ಕಬ್ಬಿನ ಹಾಲಿನ ಕೆಳಗೆ ಸುಣ್ಣ, ನಿಂಬೆರಸ ಎಂದು ಬರೆದದ್ದು ಇದಕ್ಕೇ.

ಇನ್ನೊಂದು ದೂರು, ಬಾಟಲಿ ಸಣ್ಣದು ಅಂತ. 350 ಮಿಲಿಲೀಟರಿನ ಬಾಟಲಿಯಲ್ಲಿ ಅರ್ಧ ಕೆಜಿಯ ಹತ್ತಿರ ಬೆಲ್ಲ ಹಿಡಿಯುತ್ತದೆ. ನೀರಿನ ಲೆಕ್ಕದಲ್ಲಿ ನೋಡಿದವರಿಗೆ ನಾವು ಮೋಸ ಮಾಡಿದ ಹಾಗೆ ಕಾಣುತ್ತದೆ, ತೂಕಕ್ಕೆ ಹಾಕಿ ನೋಡಿ ಎನ್ನುತ್ತೇನೆ.

ಕಪ್ಪಗಿದ್ದದ್ದೆಲ್ಲ ಒಳ್ಳೆಯ ಬೆಲ್ಲ ಎಂದು ಮಾತ್ರ ನಾನು ಹೇಳಿಲ್ಲ. ಈಚೆಗೆ ಕೆಲವರು ಕಪ್ಪು ನೋಡಿಯೇ ಕೊಳ್ಳಲು ಶುರು ಮಾಡಿದ್ದಾರೆ, ಅದೂ ಅಂಗಡಿಯವರು ಕಡ್ಡಿ ಅದ್ದಿದ ಹಾಗೇ ಆಯಿತು. ತಳ ಹಿಡಿದ ಬೆಲ್ಲವೂ ಕಪ್ಪೇ, ಕಡಿದು ದಿನಗಟ್ಟಲೆ ಬಿದ್ದಿದ್ದ ಕಬ್ಬಿನದೂ ಕಪ್ಪೇ. ಬಾಯಿಗೆ ಹಾಕಿಕೊಂಡರೆ ಗೊತ್ತಾಗುತ್ತದೆ, ತಳ ಹಿಡಿದದ್ದು ಗಂಟಲಲ್ಲಿ ಕಹಿ ಬಿಡುತ್ತದೆ. ಸಕ್ಕರೆ ಕಾಯಿಲೆಯವರು ತಿನ್ನಬಹುದಾ ಎಂದು ಕೇಳಿದರೆ, ಔಷಧಿ ಕೊಡುವ ಡಾಕ್ಟರನ್ನೇ ಕೇಳಿ, ಇದೂ ಸಿಹಿಯೇ ಎನ್ನುತ್ತೇನೆ. ಹಾಗೆ ಹೇಳಿ ಕಳೆದುಕೊಂಡ ಗಿರಾಕಿಗಳಿದ್ದಾರೆ.

ನಮ್ಮಲ್ಲೇ ಎರಡು ಕೊಪ್ಪರಿಗೆಯ ಬಣ್ಣ ಒಂದೇ ಇರುವುದಿಲ್ಲ. ಹೊಸ ನಾಟಿಯ ಕಬ್ಬಿನದು ತುಸು ತಿಳಿ, ಕಡಿದ ಬುಡದಿಂದ ಮತ್ತೆ ಚಿಗುರಿದ ಕೂಳೆಯದು ಗಾಢ. ಹೋದ ಆಲೆಮನೆಯ ಹೊತ್ತಿಗೆ ಒಂದು ದೊಡ್ಡ ಅಂಗಡಿಯವರು ಪ್ರತಿ ತಿಂಗಳೂ ಬಾಟಲಿ ತೆಗೆದುಕೊಳ್ಳುತ್ತೇವೆ, ಆದರೆ ಎಲ್ಲವೂ ಒಂದೇ ಬಣ್ಣ ಬರುವ ಹಾಗೆ ನೋಡಿಕೊಳ್ಳಿ ಎಂದರು. ಅಪ್ಪಯ್ಯನಿಗೆ ಹೇಳಿದೆ. ಅವನು ಕಬ್ಬು ಸವರುತ್ತಿದ್ದವನು ಕತ್ತಿ ನಿಲ್ಲಿಸದೆ, "ಗದ್ದೆಗೆ ಹೋಗಿ ಕಬ್ಬಿಗೆ ಹೇಳಕ್ಕು ಹಂಗಾರೆ" ಅಂದ. ಈ ಸಲವೂ ಬಾಟಲಿಗಳು ಎರಡು ಬಣ್ಣದಲ್ಲಿವೆ, ಬೇಕಾದ್ದನ್ನು ಆರಿಸಿಕೊಳ್ಳಿ. ದರ ಎರಡಕ್ಕೂ ಒಂದೇ.